ಮುಸ್ಸಂಜೆ ವ್ಯೂ ಅಂತ ಹಗಲಿನ ಚಿತ್ರಕ್ಕೇ ನೀಲಿ ಬಳಿದು ಕೊಡುತ್ತಾರೆ, ಪರೀಕ್ಷೆ ಮಾಡಿ ದುಡ್ಡು ಕೊಡಿ

ವಿಲ್ಲಾ ಮಾರಾಟಕ್ಕೆ ಇಡುವ ಮೊದಲು ಮುಸ್ಸಂಜೆಯ ತ್ರೀಡಿ ಎಲಿವೇಶನ್ ಮಾಡಿಸುವ ಬಿಲ್ಡರ್‌ಗಳು, ಸೈಟ್ ಮಾಲೀಕರು ದಯವಿಟ್ಟು ಇದನ್ನು ಓದಿ. ಕಿಟಕಿಗಳಲ್ಲಿ ದೀಪ, ಮುಂದೆ ಈಜುಕೊಳದಲ್ಲಿ ಮನೆಯ ಬಿಂಬ, ಮೇಲೆ ಕಡುನೀಲಿ ಆಕಾಶ ಇರುವ ಈ ಚಿತ್ರಕ್ಕೆ ಹಗಲಿನ ಚಿತ್ರಕ್ಕಿಂತ ಹೆಚ್ಚು ದರ ಹೇಳುತ್ತಾರೆ. ಆ ದರ ನ್ಯಾಯವೇ. ಯಾಕೆಂದರೆ ಮನೆಯೊಳಗಿನ ಒಂದೊಂದು ದೀಪವನ್ನೂ ಮಾಡೆಲ್‌ನಲ್ಲಿ ಕೂಡಿಸಬೇಕು, ಗಾಜಿನ ಹಿಂದೆ ಗೋಡೆ, ಪರದೆ, ಸೀಲಿಂಗ್ ಇರುವ ಕೋಣೆ ಕಟ್ಟಬೇಕು, ಆಮೇಲೆ ಅದೆಲ್ಲ ರೆಂಡರ್ ಆಗಬೇಕು, ಅಂದರೆ ಆ ಮಾಡೆಲ್‌ನಿಂದ ಬೆಳಕು ನೆರಳಿನ ಲೆಕ್ಕ ಹಾಕಿ ಕಂಪ್ಯೂಟರ್ ಚಿತ್ರ ತೆಗೆಯಬೇಕು. ನಮ್ಮಿಂದ ಆ ದರ ತೆಗೆದುಕೊಂಡ ಸ್ಟುಡಿಯೊ ಇದ್ಯಾವುದನ್ನೂ ಮಾಡಿರಲಿಲ್ಲ. ಹಗಲಿನ ಚಿತ್ರವನ್ನೇ ಫೋಟೊಶಾಪ್‌ಗೆ ಒಯ್ದು, ಮೇಲೆ ನೀಲಿ ಬಳಿದು, ಕಿಟಕಿಗಳಿಗೆ ಹಳದಿ ತುಂಬಿ, ಮನೆಯನ್ನು ತಲೆಕೆಳಗು ಮಾಡಿ ನೀರಿಗೆ ಅಂಟಿಸಿ ಕಳಿಸಿತ್ತು.

ಬೆಳಗಾವಿಯಲ್ಲಿ ಹಿಂಡಲಗಾ ಕಡೆ ನಾನು ಮತ್ತು ನಮ್ಮ ಅಣ್ಣ ಸೇರಿ ಕಟ್ಟುತ್ತಿರುವ ಮನೆ ಅದು. ಪೂರ್ವಕ್ಕೆ ಮುಖ, ಮುಂದೆ ಈಶಾನ್ಯಕ್ಕೆ ಈಜುಕೊಳ, ಕೊಳಕ್ಕೂ ಮನೆಗೂ ನಡುವೆ ಹನ್ನೆರಡು ಅಡಿ ಅಗಲದ ಕಲ್ಲಿನ ಡೆಕ್. ಈ ಹನ್ನೆರಡು ಅಡಿ ನೆನಪಿಟ್ಟುಕೊಳ್ಳಿ, ಗದ್ದಲ ಎದ್ದದ್ದು ಇದರಿಂದಲೇ. ಚಿತ್ರ ಕೈಗೆ ಬಂದಾಗ ನೋಡಿದವರೆಲ್ಲ ಚಂದ ಐತಿ ಅಂದರು. ಜಾಹೀರಾತಿಗೆ ಹಾಕಿದೆವು. ಮೊದಲು ಸೈಟ್ ನೋಡಲು ಬಂದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ನಮ್ಮ ಊರಿನದೇ ಒಂದು ಕುಟುಂಬ. ಅವರ ತಂದೆ ಮೊಬೈಲ್‌ನಲ್ಲಿದ್ದ ಚಿತ್ರವನ್ನೂ ಅಗೆದಿದ್ದ ಕೊಳವನ್ನೂ ಮತ್ತೆ ಮತ್ತೆ ನೋಡಿ, "ತಮ್ಮಾ, ಚಿತ್ರದಾಗ ನೀರು ಪಡಸಾಲಿ ಮೆಟ್ಟಲಕ್ಕ ಹತ್ತಿ ಐತಿ. ಇಲ್ಲಿ ನೋಡಿದ್ರ ನಡುವ ಇಷ್ಟ ಜಾಗಾ ಬಿಟ್ಟೀರಿ. ಯಾವುದು ಖರೆ?" ಎಂದು ಕೇಳಿದರು. ನಕ್ಷೆಯಲ್ಲಿ ಹನ್ನೆರಡು ಅಡಿ ಇದ್ದ ಡೆಕ್ ಚಿತ್ರದಲ್ಲಿ ಮೂರು ಅಡಿಯ ಪಟ್ಟಿಯಾಗಿತ್ತು.

ಮೊದಲು ಇದು ಅಳತೆಯ ತಪ್ಪು ಎಂದುಕೊಂಡೆವು. ಅಲ್ಲ ಎಂದು ತೋರಿಸಿಕೊಟ್ಟವನು ಮದುವೆ ಫೋಟೊ ತೆಗೆಯುವ ನನ್ನ ಗೆಳೆಯ. ಸಂಜೆ ಕೋಟೆ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ, ಆಚೆ ದಡದ ಕಟ್ಟಡಗಳನ್ನು ನೋಡು, ಆಮೇಲೆ ನೀರಿನಲ್ಲಿ ಅವುಗಳ ಬಿಂಬ ನೋಡು ಎಂದ. ದಡದಿಂದ ಹಿಂದೆ ಸರಿದಿರುವ ಕಟ್ಟಡಗಳ ಕೆಳಭಾಗ ನೀರಿನಲ್ಲಿ ಕಾಣುವುದೇ ಇಲ್ಲ, ದಡ ಅದನ್ನು ನುಂಗಿಬಿಡುತ್ತದೆ. ಮೇಲಿನ ಅಂತಸ್ತುಗಳು ಮಾತ್ರ ನೀರಿಗೆ ಇಳಿಯುತ್ತವೆ.

ಇದನ್ನು ನಮ್ಮ ಮನೆಗೆ ಲೆಕ್ಕ ಹಾಕಿ ನೋಡಿದೆವು. ನೋಡುವವನ ಕಣ್ಣು ನೀರಿನಿಂದ ಐದು ಅಡಿ ಮೇಲೆ, ಕೊಳದ ಆಚೆ ಅಂಚು ಅವನಿಂದ ಇಪ್ಪತ್ತೈದು ಅಡಿ ದೂರ ಎಂದು ಹಿಡಿಯಿರಿ. ಕಣ್ಣಿನಿಂದ ಆ ಅಂಚಿನ ನೀರಿಗೆ ಹೋಗುವ ಗೆರೆ ಇಪ್ಪತ್ತೈದು ಅಡಿಯಲ್ಲಿ ಐದು ಅಡಿ ಇಳಿಯುತ್ತದೆ. ನೀರಿಗೆ ಬಡಿದು ಅದೇ ಓರೆಯಲ್ಲಿ ಮೇಲೆದ್ದರೆ, ಹನ್ನೆರಡು ಅಡಿ ಆಚೆ ಇರುವ ಮನೆಯನ್ನು ಮುಟ್ಟುವ ಹೊತ್ತಿಗೆ ಸುಮಾರು ಎರಡೂವರೆ ಅಡಿ ಏರಿರುತ್ತದೆ. ಅಂದರೆ ನೀರಿನ ಮಟ್ಟದಿಂದ ಎರಡೂವರೆ ಅಡಿಯವರೆಗಿನ ಕಟ್ಟೆ, ಮೆಟ್ಟಿಲು, ಬಾಗಿಲಿನ ಬುಡ ಯಾವುದೂ ಬಿಂಬದಲ್ಲಿ ಬರುವ ಹಾಗಿಲ್ಲ. ಕೊಳದ ದಂಡೆ ನೀರಿಗಿಂತ ಎತ್ತರ ಇದ್ದರೆ ಇನ್ನಷ್ಟು ಮರೆಯಾಗುತ್ತದೆ. ನಮಗೆ ಕೊಟ್ಟ ಚಿತ್ರದ ನೀರಿನಲ್ಲಿ ಮೂರೂ ಮೆಟ್ಟಿಲು ಸ್ಪಷ್ಟ ಇದ್ದವು. ಮನೆಯನ್ನು ಬುಡದಿಂದಲೇ ಕತ್ತರಿಸಿ ತಿರುಗಿಸಿ ಅಂಟಿಸಿದ ಮೇಲೆ ಡೆಕ್ ಅಗಲ ಇದ್ದರೆ ಬಿಂಬ ಮನೆಗೆ ಕೂಡುವುದಿಲ್ಲ. ಅದಕ್ಕೇ ನೀರನ್ನು ಮನೆಯ ಬುಡಕ್ಕೆ ಎಳೆದು ತಂದಿದ್ದರು. ನಮ್ಮ ಡೆಕ್ ಹೋದದ್ದು ಹೀಗೆ.

ಅದೇ ಚಿತ್ರದಲ್ಲಿ ಇನ್ನೊಂದು ಗುರುತನ್ನೂ ಗೆಳೆಯ ತೋರಿಸಿದ, ಇದು ಯಾರಿಗೂ ಸಿಗುವಂಥದು. ನೀರಿನ ಬಿಂಬ ಎಂದರೆ ಮನೆಯನ್ನು ಕೆಳಗಿನಿಂದ ನೋಡಿದ ನೋಟ. ಬಾಲ್ಕನಿಯ ಸ್ಲ್ಯಾಬಿನ ಅಡಿಭಾಗ, ಅಲ್ಲಿ ಕೂಡಿಸಿದ ಡೌನ್‌ಲೈಟ್‌ಗಳು ನೇರವಾಗಿ ನೋಡಿದಾಗ ಸ್ವಲ್ಪ ಕಂಡರೆ ನೀರಿನಲ್ಲಿ ಹೆಚ್ಚು ಕಾಣಬೇಕು. ನಮ್ಮ ಚಿತ್ರದಲ್ಲಿ ಎರಡೂ ಕಡೆ ಅಡಿಭಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿತ್ತು. ಸಾಲದ್ದಕ್ಕೆ ಕೊಳದ ಒಳಗೆ ದೀಪ ಉರಿದು ನೀರು ತಿಳಿನೀಲಿಯಾಗಿ ಹೊಳೆಯುತ್ತಿತ್ತು, ಮೇಲೆ ಕನ್ನಡಿಯಂಥ ಬಿಂಬವೂ ಇತ್ತು. ಕೊಳದೊಳಗೆ ದೀಪ ಹಚ್ಚಿದರೆ ಬಿಂಬ ಮಸುಕಾಗಲೇಬೇಕು. ಕಾಲ ಬುಡದ ನೀರಿನಲ್ಲಿ ತಳದ ಟೈಲ್ಸ್ ಕಾಣಬೇಕು, ಬಿಂಬ ಗಟ್ಟಿಯಾಗುವುದು ದೂರದ ಅಂಚಿಗೆ ಹೋದಂತೆ ಮಾತ್ರ. ಈ ಕಡೆಯಿಂದ ಆ ಕಡೆಗೆ ಬಿಂಬ ಒಂದೇ ಸಮ ಇದ್ದರೆ ಅನುಮಾನ ಪಡಿ.

ಆಮೇಲೆ ಕಿಟಕಿಗಳು. ನಮ್ಮ ಹಾಲ್ ಡಬಲ್ ಹೈಟ್. ಮೇಲಿನ ಎಡಗಡೆಯ ದೊಡ್ಡ ಗಾಜಿನಿಂದ ತೂಗುವ ದೀಪ, ಎದುರಿನ ಗೋಡೆ ಕಾಣಬೇಕಿತ್ತು. ಮೆಟ್ಟಿಲ ಬದಿಯ ಸಣ್ಣ ಕಿಟಕಿ ಮಂದ ಇರಬೇಕಿತ್ತು. ಬಾತ್‌ರೂಮಿನ ವೆಂಟಿಲೇಟರ್‌ನಲ್ಲಿ ಮಬ್ಬುಗಾಜಿನ ಬೆಳಕು ಸಾಕಿತ್ತು. ಚಿತ್ರದಲ್ಲಿ ಈ ಮೂರಕ್ಕೂ ಒಂದೇ ಹಳದಿ. ಒಳಗೆ ಗೋಡೆಯೂ ಇಲ್ಲ, ಸೀಲಿಂಗೂ ಇಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಎಂದರೆ ಅಷ್ಟು ಪ್ರಕಾಶದ ಕಿಟಕಿಯಿಂದ ಹೊರಗಿನ ಡೆಕ್ ಮೇಲೆ ಒಂದು ಚೂರು ಬೆಳಕೂ ಬಿದ್ದಿರಲಿಲ್ಲ. ದೀಪವನ್ನು ಮಾಡೆಲ್‌ನಲ್ಲೇ ಹಚ್ಚಿದ್ದರೆ ಅದು ಗಾಜು ದಾಟಿ ಕಲ್ಲಿನ ಮೇಲೆ, ಕಂಬದ ಬದಿಗೆ, ಕುಂಡದ ಎಲೆಗಳಿಗೆ ತಾನಾಗೇ ಬೀಳುತ್ತದೆ.

ನೆರಳನ್ನಂತೂ ಮೊದಲೇ ನೋಡಬಹುದು. ಆಕಾಶ ಕಡುನೀಲಿಯಾಗುವುದು ಸೂರ್ಯ ದಿಗಂತದಿಂದ ನಾಲ್ಕಾರು ಡಿಗ್ರಿ ಕೆಳಗೆ ಇಳಿದಾಗ. ನಮ್ಮ ಬೆಳಗಾವಿಯಲ್ಲಿ ಅದು ಸೂರ್ಯ ಮುಳುಗಿ ಹದಿನೈದರಿಂದ ಇಪ್ಪತ್ತೈದು ನಿಮಿಷದ ಆಸುಪಾಸು. ಬಿಸಿಲೇ ಇಲ್ಲದ ಆ ಹೊತ್ತಿನಲ್ಲಿ ಛಜ್ಜಾದ ಕೆಳಗೆ ಚೂಪಾದ ಓರೆ ನೆರಳು ಬೀಳಲು ಸಾಧ್ಯವೇ ಇಲ್ಲ. ನಮ್ಮ ಚಿತ್ರದಲ್ಲಿ ಬಲಗಡೆಯ ಗೋಡೆಯ ಮೇಲೆ ಛಜ್ಜಾದ ನೆರಳು ನೀಲಿ ಬಣ್ಣದ ಅಡಿಯಿಂದ ಎದ್ದು ಕಾಣುತ್ತಿತ್ತು. ಅದು ಹಗಲಿನ ಚಿತ್ರದ ನೆರಳು, ಅಳಿಸಲು ಆಗದೆ ಉಳಿದದ್ದು.

ಇಷ್ಟಾದ ಮೇಲೆ ಸ್ಟುಡಿಯೊದವರಿಗೆ ಫೋನ್ ಮಾಡಿ ಕೇಳಿದರೆ, "ಸರ್, ಎಲ್ಲರೂ ಪೋಸ್ಟ್ ಪ್ರೊಡಕ್ಷನ್ ಮಾಡ್ತಾರೆ" ಎಂಬ ಉತ್ತರ ಬಂತು. ಮಾತು ಅರ್ಧ ನಿಜ. ಆಕಾಶ ಬದಲಿಸುವುದು, ದೀಪದ ಸುತ್ತ ಹೊಳಪು ಸ್ವಲ್ಪ ಏರಿಸುವುದು, ಗಿಡ, ಜನ, ಕಾರು ಸೇರಿಸುವುದು ಒಳ್ಳೆಯ ಕೆಲಸಗಾರರೂ ಮಾಡುವಂಥದೇ. ಹಗಲಿನ ಫೋಟೊವನ್ನು ಸಂಜೆ ಮಾಡಿಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ ಕಡಿಮೆ ದರಕ್ಕೆ ಮಾಡುವವರ ಮೇಲೂ ನನ್ನ ತಕರಾರಿಲ್ಲ. ರೆಂಡರ್ ಎಂದು ಹೇಳಿ ರೆಂಡರ್ ದರ ತೆಗೆದುಕೊಂಡು ಇದನ್ನು ಕೊಡುವುದು ಮೋಸ. ರಸ್ತೆ ಕಡೆಯ ಮೂಲೆಯಿಂದ ಇನ್ನೊಂದು ಮುಸ್ಸಂಜೆ ವ್ಯೂ ಕೇಳಿದಾಗ ಅದು ಪೂರ್ತಿ ಬಯಲಾಯಿತು. ಮೊದಲ ಚಿತ್ರದಲ್ಲಿ ಬೆಳಗಿದ್ದ ಮೇಲಿನ ಬೆಡ್‌ರೂಮು ಎರಡನೆಯದರಲ್ಲಿ ಕತ್ತಲು, ಕತ್ತಲಿದ್ದ ಅಡುಗೆಮನೆಗೆ ಬೆಳಕು. ಮಾಡೆಲ್‌ನಲ್ಲಿ ದೀಪಗಳೇ ಇಲ್ಲದಾಗ ಪ್ರತಿ ಚಿತ್ರಕ್ಕೂ ಕೈಯಿಂದಲೇ ಹಳದಿ ತುಂಬಬೇಕು, ಎಲ್ಲಿ ತುಂಬಿದ್ದೆವು ಎಂಬುದು ಅವರಿಗೂ ನೆನಪಿರುವುದಿಲ್ಲ. ಮುಂಗಡ ಕೊಟ್ಟ ದುಡ್ಡು ವಾಪಸ್ ಬಂದಿಲ್ಲ.

ದುಡ್ಡಿಗಿಂತ ನಮಗೆ ಹೆದರಿಕೆ ತಂದದ್ದು ಕಾನೂನಿನ ಮಾತು. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಕಲಂ ಪ್ರಕಾರ ಜಾಹೀರಾತಿನಲ್ಲಿದ್ದ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟವರಿಗೆ ನಷ್ಟವಾದರೆ ಪರಿಹಾರ ಕೊಡಬೇಕಾದವನು ಪ್ರವರ್ತಕ, ಅಂದರೆ ಕಟ್ಟಿ ಮಾರುವವನು. ಅವರು ಬೇಡ ಎಂದು ಹಿಂದೆ ಸರಿದರೆ ಪೂರ್ತಿ ಹಣ ಬಡ್ಡಿ ಸಮೇತ ಮರಳಿಸಬೇಕು. ಚಿತ್ರ ಬರೆದವನ ಹೆಸರು ಅಲ್ಲಿ ಎಲ್ಲೂ ಬರುವುದಿಲ್ಲ. ರೇರಾ ಅಡಿ ಬರುವ ಯೋಜನೆ ಇರುವವರು ನೀರು ಮೆಟ್ಟಿಲಿಗೆ ತಾಗಿದ ಚಿತ್ರ ತೋರಿಸಿ ಹನ್ನೆರಡು ಅಡಿ ಬಿಟ್ಟು ಕೊಳ ಕಟ್ಟಿಕೊಟ್ಟರೆ ಉತ್ತರ ಕೊಡಬೇಕಾದವರು ಅವರೇ. ನಾವು ಆ ಚಿತ್ರವನ್ನು ಎಲ್ಲ ಕಡೆಯಿಂದ ತೆಗೆದು ಹಾಕಿ, ಆ ಕುಟುಂಬಕ್ಕೆ ಡೆಕ್‌ನ ನಕ್ಷೆ ಕಳಿಸಿ ಮಾತಾಡಿದೆವು.

ಹೊಸಬರಿಗೆ ಕೆಲಸ ಕೊಡುವಾಗ ಈಗ ಮೊದಲು ಕೇಳುವುದು ಕ್ಲೇ ರೆಂಡರ್, ಅಂದರೆ ಬಣ್ಣವಿಲ್ಲದ ಬೂದು ಮಾಡೆಲ್ ಚಿತ್ರ, ನಮ್ಮ ಒಪ್ಪಿಗೆಯ ಕ್ಯಾಮೆರಾ ಜಾಗದಿಂದಲೇ. ಅದರಲ್ಲಿ ಡೆಕ್ ಮತ್ತು ಕೊಳದ ಅಳತೆ ನಕ್ಷೆಗೆ ತಾಳೆಯಾಗುತ್ತದೋ ನೋಡುತ್ತೇವೆ. ಆಮೇಲೆ ದೀಪಗಳನ್ನಷ್ಟೇ ಹಚ್ಚಿ ಆಕಾಶ ಪೂರ್ತಿ ಕಪ್ಪು ಇಟ್ಟ ಒಂದು ಸಣ್ಣ ಟೆಸ್ಟ್ ರೆಂಡರ್. ಬಣ್ಣ ಬಳಿಯುವವರು ಇದನ್ನು ಕೊಡಲಾರರು, ನಿಜವಾಗಿ ದೀಪ ಕೂಡಿಸಿದವರಿಗೆ ಇದು ಸಣ್ಣ ಕೆಲಸ. ವಿ-ರೇ, ಕರೋನಾದಂಥ ತಂತ್ರಾಂಶಗಳಲ್ಲಿ ಲೈಟ್‌ಮಿಕ್ಸ್ ಎಂಬ ಸೌಲಭ್ಯ ಇದೆ, ರೆಂಡರ್ ಆದ ಮೇಲೂ ಒಂದೊಂದು ದೀಪವನ್ನು ಏರಿಸಿ ಇಳಿಸಿ ತೋರಿಸಬಹುದು. ಸ್ಕ್ರೀನ್ ಹಂಚಿಕೊಂಡು ಹಾಲ್‌ನ ದೀಪ ಆರಿಸಿ ಎಂದು ಕೇಳಿ. ಡೆಕ್ ಮೇಲಿನ ಬೆಳಕೂ ನೀರಿನಲ್ಲಿನ ಹೊಳಪೂ ಒಟ್ಟಿಗೆ ಆರಿದರೆ ಕೆಲಸ ನಿಜ.

ಸೀನ್ ಫೈಲನ್ನೇ ಕೊಡಿ ಎಂದರೆ ಬಹಳ ಜನ ಒಪ್ಪುವುದಿಲ್ಲ, ಅದರಲ್ಲಿ ಅವರ ಬಂಡವಾಳ ಇರುತ್ತದೆ. ಅದರ ಬದಲು ಪದರಗಳಿರುವ ಪಿಎಸ್‌ಡಿ ಅಥವಾ ಇಎಕ್ಸ್‌ಆರ್ ಚಿತ್ರದ ಫೈಲ್ ಕೊಡುತ್ತೇವೆ ಎಂದು ವರ್ಕ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಕೊನೆಯ ಕಂತನ್ನು ಇನ್ನೊಂದು ಕೋನದ ಮುಸ್ಸಂಜೆ ಚಿತ್ರವೂ ಬಂದು, ಎರಡರಲ್ಲೂ ಅವೇ ಕಿಟಕಿಗಳು ಬೆಳಗಿರುವುದನ್ನು ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆ ಬಿಡುಗಡೆ ಮಾಡಿ.