ಮಕ್ಕಳ ಬೆರಳಚ್ಚು ಕೊಟ್ಟು ‘ಬಲ ಮೆದುಳು’ ರಿಪೋರ್ಟ್ ತರುವ ಮುನ್ನ ಇದನ್ನು ಓದಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲೇ ಮೈಸೂರಿನಲ್ಲಿ ‘ಮೆದುಳು ಪರೀಕ್ಷೆ’ಯ ಪಾಂಪ್ಲೆಟ್‌ಗಳು ದಿನಪತ್ರಿಕೆಯೊಳಗೆ ಸೇರಿಕೊಂಡು ಮನೆಗೆ ಬರುತ್ತವೆ. ಅಂಥದ್ದೊಂದನ್ನು ನಂಬಿದ ಮಂಡ್ಯ ಕಡೆಯ ಕುಟುಂಬಕ್ಕೆ ಆದದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಕೇಂದ್ರದ ಹೆಸರು ಬೇಡ, ಇವರ ಕಥೆ ಎಲ್ಲ ಕಡೆಯೂ ಒಂದೇ.

ಹುಡುಗಿಗೆ ಗಣಿತದಲ್ಲಿ ನೂರಕ್ಕೆ 88. ಎಡಗೈಯಲ್ಲಿ ಬರೆಯುತ್ತಾಳೆ. ಕೇಂದ್ರದವರು 6,500 ರೂಪಾಯಿ ಕಟ್ಟಿಸಿಕೊಂಡು, ಹತ್ತೂ ಬೆರಳನ್ನು ಸ್ಕ್ಯಾನರ್ ಮೇಲೆ ಒತ್ತಿಸಿ, ಬಣ್ಣದ ರಿಪೋರ್ಟ್ ಕೊಟ್ಟರು. ಎಡ ಮೆದುಳು ಶೇ 36, ಬಲ ಮೆದುಳು ಶೇ 64. ‘ಬಲ ಮೆದುಳಿನ ಮಗು, ಎಡಗೈ ಬೇರೆ. ಲೆಕ್ಕ, ತರ್ಕ ಒಗ್ಗಲ್ಲ, ಕಲೆಗೆ ಹಾಕಿ’ ಎಂದರು. ಜೊತೆಗೆ ದಿನಾ ಇಪ್ಪತ್ತು ನಿಮಿಷ ಬಲಗಣ್ಣಿಗೆ ಬಟ್ಟೆ ಕಟ್ಟಿ ಎಡಗಣ್ಣಲ್ಲೇ ಓದಬೇಕು, ಬಲ ಮೆದುಳು ಇನ್ನೂ ಚುರುಕಾಗುತ್ತದೆ ಎಂಬ ವ್ಯಾಯಾಮ. ಅಪ್ಪ-ಅಮ್ಮ ಪಿಸಿಎಂಬಿ ಅರ್ಜಿಯನ್ನು ಕೈಬಿಟ್ಟರು. ಮಗಳು ಅತ್ತು ಕರೆದು ಮನಸ್ಸು ಬದಲಾಯಿಸುವಷ್ಟರಲ್ಲಿ ಕಾಲೇಜಿನಲ್ಲಿ ಆ ಸೀಟು ತುಂಬಿತ್ತು. ದುಡ್ಡು ವಾಪಸ್ ಕೇಳಿದರೆ ‘ರಿಪೋರ್ಟ್ ಪ್ರಿಂಟ್ ಆಗಿದೆ’ ಎಂಬ ಉತ್ತರ.

ಇಂಥ ಕೇಂದ್ರಗಳ ಗೋಡೆಯ ಮೇಲೆ ಅಮೆರಿಕದ ಮೆದುಳು ವಿಜ್ಞಾನಿ ರೋಜರ್ ಸ್ಪೆರಿಯ ಫೋಟೊ ಇರುತ್ತದೆ, ‘ನೊಬೆಲ್ ಪಡೆದ ವಿಜ್ಞಾನ’ ಎಂಬ ಸಾಲಿನ ಸಮೇತ. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅವರು ಪರೀಕ್ಷಿಸಿದ್ದು ನಮ್ಮ ನಿಮ್ಮಂಥವರ ಮೆದುಳನ್ನಲ್ಲ. ಮೆದುಳಿನ ಎಡ, ಬಲ ಎಂಬ ಎರಡು ಅರ್ಧಗೋಳಗಳನ್ನು ಜೋಡಿಸುವ ನರತಂತುಗಳ ದಪ್ಪ ಪಟ್ಟಿಯೊಂದಿದೆ, ಕಾರ್ಪಸ್ ಕೆಲೋಸಮ್. ಅದರಲ್ಲಿ ಸುಮಾರು 20 ಕೋಟಿ ತಂತುಗಳು. ಯಾವ ಔಷಧಿಗೂ ಬಗ್ಗದ ಮೂರ್ಛೆರೋಗ ಮೆದುಳಿನ ಒಂದು ಬದಿಯಿಂದ ಇನ್ನೊಂದಕ್ಕೆ ಹರಡದಿರಲಿ ಎಂದು ಲಾಸ್ ಏಂಜಲಿಸ್‌ನ ವೋಗೆಲ್ ಮತ್ತು ಬೋಗನ್ ಎಂಬ ವೈದ್ಯರು 1960ರ ದಶಕದಲ್ಲಿ ಕೆಲವು ರೋಗಿಗಳಲ್ಲಿ ಈ ಪಟ್ಟಿಯನ್ನು ಕತ್ತರಿಸಿದರು. ಸ್ಪೆರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ ಪರೀಕ್ಷಿಸಿದ್ದು ಇಂಥವರನ್ನು.

ಪರೀಕ್ಷೆ ಹೇಗಿತ್ತು ಎಂಬುದರಲ್ಲೇ ವಿಷಯ ಇದೆ. ರೋಗಿ ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಚುಕ್ಕೆಯ ಎಡಕ್ಕೋ ಬಲಕ್ಕೋ ಒಂದು ಚಿತ್ರ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಿಂಚಿ ಮಾಯವಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಹೊತ್ತು ತೋರಿಸಿದರೆ ಕಣ್ಣು ಅತ್ತ ಹೊರಳಿ, ಚಿತ್ರ ಎರಡೂ ಅರ್ಧಗೋಳಕ್ಕೆ ಸಿಕ್ಕಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಚುಕ್ಕೆಯ ಬಲಕ್ಕೆ ಕಂಡದ್ದು ಎಡ ಅರ್ಧಗೋಳಕ್ಕೆ, ಎಡಕ್ಕೆ ಕಂಡದ್ದು ಬಲ ಅರ್ಧಗೋಳಕ್ಕೆ ಹೋಗುತ್ತದೆ. ಬಲಕ್ಕೆ ಮಿಂಚಿದ್ದನ್ನು ರೋಗಿ ಹೆಸರಿಟ್ಟು ಹೇಳುತ್ತಿದ್ದ. ಎಡಕ್ಕೆ ಮಿಂಚಿದರೆ ‘ಏನೂ ಕಾಣಲಿಲ್ಲ’ ಎನ್ನುತ್ತಿದ್ದ. ಆದರೆ ಮರೆಯಲ್ಲಿಟ್ಟ ವಸ್ತುಗಳೊಳಗೆ, ಬಲ ಅರ್ಧಗೋಳವೇ ನಡೆಸುವ ಅವನ ಎಡಗೈ ತಡವರಿಸಿ ಸರಿಯಾದುದನ್ನೇ ಹೆಕ್ಕುತ್ತಿತ್ತು. ಮಾತು ಹೆಚ್ಚಾಗಿ ಎಡ ಅರ್ಧಗೋಳದ ಸ್ವತ್ತು, ಹಾಗಾಗಿ ಬಲ ಅರ್ಧಗೋಳ ನೋಡಿದ್ದನ್ನು ಬಾಯಿ ಹೇಳಲಾರದು.

ಮುಂದೆ 1970ರ ದಶಕದಲ್ಲಿ ಗಜಾನಿಗ ಮತ್ತು ಜೋಸೆಫ್ ಲೆಡೂ ಪಿ.ಎಸ್. ಎಂಬ ಹುಡುಗನಿಗೆ ಒಂದೇ ಹೊತ್ತಿಗೆ ಎರಡು ಚಿತ್ರ ಮಿಂಚಿಸಿದರು. ಎಡ ಅರ್ಧಗೋಳಕ್ಕೆ ಕೋಳಿ ಕಾಲು, ಬಲಕ್ಕೆ ಹಿಮ ಮುಚ್ಚಿದ ಮನೆ. ಆಮೇಲೆ ಎದುರಿಗೆ ಹರಡಿದ ಚಿತ್ರಗಳಲ್ಲಿ ಹೊಂದುವುದನ್ನು ತೋರಿಸು ಎಂದರೆ, ಬಲಗೈ ಕೋಳಿಯನ್ನು ತೋರಿಸಿತು, ಎಡಗೈ ಸಲಿಕೆಯನ್ನು. ಹಿಮ ಎತ್ತಿಹಾಕಲು ಸಲಿಕೆ ಬೇಕು, ಸರಿಯಾದ ಆಯ್ಕೆಯೇ. ಆದರೆ ಏಕೆ ಎಂದು ಕೇಳಿದಾಗ ಉತ್ತರಿಸಬೇಕಾದದ್ದು ಹಿಮವನ್ನು ನೋಡಿಯೇ ಇರದ ಎಡ ಅರ್ಧಗೋಳ. ಅದು ತಡವರಿಸಲಿಲ್ಲ. ಕೋಳಿ ಕಾಲಿಗೆ ಕೋಳಿ, ಇನ್ನು ಕೋಳಿಗೂಡು ಗುಡಿಸಲು ಸಲಿಕೆ ಬೇಕಲ್ಲ ಎಂದಿತು! ಬಲ ಅರ್ಧಗೋಳ ಕಲಾವಿದ, ಎಡ ಅರ್ಧಗೋಳ ಲೆಕ್ಕಿಗ ಎಂಬುದು ಇದರಲ್ಲಿ ಎಲ್ಲಿದೆ ಹೇಳಿ. ಇಲ್ಲಿ ಕಥೆ ಕಟ್ಟಿದ್ದು ‘ತರ್ಕದ’ ಎಡ ಅರ್ಧಗೋಳವೇ.

ಈಗ ಆ ಕಣ್ಣಿಗೆ ಬಟ್ಟೆ ಕಟ್ಟುವ ವ್ಯಾಯಾಮಕ್ಕೆ ಬನ್ನಿ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಗೋಡೆಯ ಕ್ಯಾಲೆಂಡರಿನ ಒಂದು ತಾರೀಖನ್ನು ದಿಟ್ಟಿಸಿ. ಅದರ ಎಡಕ್ಕಿರುವ ತಾರೀಖೂ ಕಾಣುತ್ತದೆ, ಬಲಕ್ಕಿರುವುದೂ ಕಾಣುತ್ತದೆ. ಎಡದ್ದು ಬಲ ಅರ್ಧಗೋಳಕ್ಕೆ, ಬಲದ್ದು ಎಡ ಅರ್ಧಗೋಳಕ್ಕೆ, ಎರಡೂ ಅದೇ ಒಂದು ಕಣ್ಣಿನಿಂದ. ಎದುರು ಬದಿಗೆ ದಾಟುವುದು ನೋಟದ ಅರ್ಧ, ಇಡೀ ಕಣ್ಣಲ್ಲ. ಸ್ಪೆರಿ ಅಷ್ಟು ಕಷ್ಟಪಟ್ಟು ಚುಕ್ಕೆ ಇಟ್ಟು ಚಿತ್ರ ಮಿಂಚಿಸಿದ್ದು ಇದಕ್ಕೇ. ಕಣ್ಣು ಮುಚ್ಚಿಸಿ ಒಂದು ಅರ್ಧಗೋಳಕ್ಕೆ ಪಾಠ ಹೇಳುತ್ತೇವೆ ಎನ್ನುವವರಿಗೆ ತಾವು ಗೋಡೆಗೆ ತೂಗುಹಾಕಿದ ಪ್ರಯೋಗವೇ ತಿಳಿದಿಲ್ಲ ಎಂದರ್ಥ. ಇನ್ನು ಪಟ್ಟಿ ಕತ್ತರಿಸದ ನಮ್ಮಲ್ಲಂತೂ ಒಂದು ಬದಿಗೆ ಬಂದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ ದಾಟಿರುತ್ತದೆ.

ಹಾಗಂತ ಎರಡೂ ಅರ್ಧಗೋಳ ಒಂದೇ ಎಂದೂ ಅಲ್ಲ. ಮೆದುಳಿನ ಎಡಬದಿಗೆ ಪಾರ್ಶ್ವವಾಯು ಹೊಡೆದರೆ ಮಾತು ಹೋಗಬಹುದು. ಬಲಬದಿಗೆ ಹೊಡೆದ ಕೆಲವರು ತಟ್ಟೆಯ ಬಲಕ್ಕಿಟ್ಟ ಮುದ್ದೆಯನ್ನಷ್ಟೇ ಉಂಡು ಎಡಕ್ಕಿಟ್ಟ ಪಲ್ಯವನ್ನು ಮುಟ್ಟದೆ ಏಳುತ್ತಾರೆ. ಕಣ್ಣು ಸರಿ ಇರುತ್ತದೆ, ಎಡಗಡೆಯ ಪ್ರಪಂಚದ ಮೇಲೆ ಗಮನವೇ ಹೋಗುವುದಿಲ್ಲ. ತಟ್ಟೆ ತಿರುಗಿಸಿಟ್ಟರೆ ಪಲ್ಯವೂ ಖಾಲಿ. ನಿಜವಾದ ಹಂಚಿಕೆ ಇಷ್ಟು ಸಣ್ಣ ಸಣ್ಣ ಕೆಲಸಗಳದ್ದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ ಕೆಲವು ಜಾಲಗಳು ಎಡಕ್ಕೂ ಕೆಲವು ಬಲಕ್ಕೂ ವಾಲಿದ್ದು ಕಂಡಿತೇ ಹೊರತು, ಒಟ್ಟಾರೆ ‘ಎಡ ಮೆದುಳಿನವರು’, ‘ಬಲ ಮೆದುಳಿನವರು’ ಎಂಬ ಎರಡು ಜಾತಿ ಸಿಗಲಿಲ್ಲ.

ಎಡಗೈ ವಾದವೂ ನಿಲ್ಲುವುದಿಲ್ಲ. ಬಲಗೈಯವರಲ್ಲಿ ಶೇ 95ರಷ್ಟು ಜನರಿಗೆ ಮಾತು ಎಡ ಅರ್ಧಗೋಳದಲ್ಲಿ. ಎಡಗೈಯವರಲ್ಲೂ ಸುಮಾರು ಶೇ 70 ಜನರಿಗೆ ಅಲ್ಲೇ. ಒಬ್ಬರಿಗೆ ಮಾತು ಯಾವ ಬದಿಯಲ್ಲಿದೆ ಎಂದು ಖಚಿತ ಮಾಡಿಕೊಳ್ಳಲು ಮೆದುಳಿನ ಶಸ್ತ್ರಚಿಕಿತ್ಸೆಗೆ ಮುನ್ನ ವಾಡಾ ಪರೀಕ್ಷೆ ಎಂಬುದನ್ನು ಮಾಡುತ್ತಾರೆ. ಕತ್ತಿನ ರಕ್ತನಾಳಕ್ಕೆ ಔಷಧಿ ಬಿಟ್ಟು ಒಂದು ಅರ್ಧಗೋಳವನ್ನು ಕೆಲವು ನಿಮಿಷ ಮಂಕಾಗಿಸುತ್ತಾರೆ. ಎತ್ತಿ ಹಿಡಿದ ಎದುರು ಬದಿಯ ಕೈ ಸೋತು ಬೀಳುತ್ತದೆ. ಒಂದು, ಎರಡು ಎಂದು ಎಣಿಸುತ್ತಿದ್ದವರ ಮಾತು ಅಲ್ಲೇ ನಿಂತರೆ ಆ ಬದಿ ಮಾತಿನದು. ಇಷ್ಟೆಲ್ಲ ಮಾಡಿ ತಿಳಿಯುವುದು ಮಾತು ಮತ್ತು ನೆನಪಿನ ಬಗ್ಗೆ ಮಾತ್ರ. ಹುಟ್ಟುವ ಮೊದಲೇ ಚರ್ಮದ ಮೇಲೆ ಮೂಡಿ ನಿಂತ ಬೆರಳಗೆರೆಯಿಂದ ‘ಶೇ 64’ ಹೇಗೆ ಬಂತು ಎಂದು ಕೇಂದ್ರದವರನ್ನೇ ಕೇಳಿ ನೋಡಿ. ಲೆಕ್ಕದ ವಿಧಾನ ಬರೆದುಕೊಡಿ ಅನ್ನಿ, ‘ಸಾಫ್ಟ್‌ವೇರ್ ಕೊಡುತ್ತೆ ಸಾರ್’ ಎಂಬುದರಾಚೆ ಮಾತು ಹೊರಡುವುದಿಲ್ಲ.

ಈಗಾಗಲೇ ದುಡ್ಡು ಕಟ್ಟಿದ್ದರೆ ರಸೀದಿ, ಪಾಂಪ್ಲೆಟ್, ರಿಪೋರ್ಟ್ ಮೂರನ್ನೂ ಇಟ್ಟುಕೊಳ್ಳಿ. ರಿಪೋರ್ಟಿನ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ‘ಮಾರ್ಗದರ್ಶನಕ್ಕೆ ಮಾತ್ರ’ ಎಂದಿದ್ದರೂ ಪಾಂಪ್ಲೆಟ್‌ನಲ್ಲಿ ‘ವೈಜ್ಞಾನಿಕ ಪರೀಕ್ಷೆ’ ಎಂದು ದಪ್ಪಕ್ಷರದಲ್ಲಿ ಇದ್ದದ್ದು ನಿಮ್ಮ ಕೈಯಲ್ಲಿರುವ ಸಾಕ್ಷಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಮಂಡ್ಯದ ಆ ಹುಡುಗಿಯ ಅಪ್ಪ ರಿಪೋರ್ಟನ್ನು ಸಿಟ್ಟಿನಲ್ಲಿ ಹರಿದುಹಾಕಿದ್ದರು. ಅದೃಷ್ಟಕ್ಕೆ ಪಾಂಪ್ಲೆಟ್ ಉಳಿದಿತ್ತು, ಪೇಪರ್ ಕಟ್ಟಿನ ನಡುವೆ.