ದೇವಿಮನೆ ಘಟ್ಟದ ಬುಡದಲ್ಲಿ ಪಂಕ್ಚರ್: ರನ್‌ಫ್ಲಾಟ್ ಟೈರೋ, ಸ್ಟೆಪ್ನಿ ಇರುವ ಟ್ಯೂಬ್‌ಲೆಸ್ಸೋ?

ನಾವು ಕಾರವಾರದವರು. ಅಕ್ಕನ ಮನೆ ಶಿರಸಿಯಲ್ಲಿ. ತಿಂಗಳಿಗೆ ಎರಡು ಸಲವಾದರೂ ಅಂಕೋಲೆ, ಮಿರ್ಜಾನ ದಾಟಿ ದಿವಗಿಯಲ್ಲಿ ತಿರುಗಿ ದೇವಿಮನೆ ಘಟ್ಟ ಹತ್ತುತ್ತೇವೆ. ಈ ದಾರಿಯಲ್ಲಿ ಎರಡು ಕಾರುಗಳನ್ನು ಓಡಿಸಿದ್ದೇನೆ. ಒಂದು ಭಾವನ ಹಳೆಯ ಜರ್ಮನ್ ಸೆಡಾನ್. ಅದಕ್ಕೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರುಗಳಿವೆ, ಸ್ಟೆಪ್ನಿ ಇಡಲು ಡಿಕ್ಕಿಯಲ್ಲಿ ಜಾಗವನ್ನೇ ಕೊಟ್ಟಿಲ್ಲ. ಇನ್ನೊಂದು ನನ್ನ ಸಣ್ಣ ಕಾರು. ಅದರದು ಸಾಮಾನ್ಯ ಟ್ಯೂಬ್‌ಲೆಸ್ ಟೈರು, ವಾಲ್ವ್ ತುದಿಗೆ ತಿರುಗಿಸಿ ಕೂರಿಸುವ ಗಾಳಿಯ ಸೆನ್ಸರು, ಜೊತೆಗೆ ಸಣ್ಣ ಪಂಪು, ಪಂಕ್ಚರ್ ಕಿಟ್ ಮತ್ತು ಸ್ಟೆಪ್ನಿ. ಎರಡೂ ಕಾರುಗಳು ಇದೇ ದಾರಿಯಲ್ಲಿ ಮೊಳೆ ತುಳಿದಿವೆ. ಹಾಗಾಗಿ ಹೋಲಿಸುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಭಾವನ ಕಾರಿನದು. ಜುಲೈ ತಿಂಗಳು, ಜೋರು ಮಳೆ. ಅಪ್ಪ, ಆಯಿ, ಭಾವ, ನಾನು, ಮತ್ತು ಡಿಕ್ಕಿ ತುಂಬ ಸಾಮಾನು. ಕತಗಾಲ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಹಳದಿ ಗುರುತು ಹೊತ್ತಿಕೊಂಡಿತು. ಕಾರು ಎಳೆಯಲಿಲ್ಲ, ಅಲುಗಲಿಲ್ಲ, ಸದ್ದೂ ಬದಲಾಗಲಿಲ್ಲ. “ಸೆನ್ಸರೇ ಕೆಟ್ಟಿರಬೇಕು, ಹೋಗೋಣ” ಎಂದರು ಭಾವ. ಬದಿಗೆ ನಿಲ್ಲಿಸಿ ಗೇಜ್ ಹಚ್ಚಿದೆ. ಹಿಂದಿನ ಎಡಗಾಲಿಯಲ್ಲಿ ಗಾಳಿ ಸೊನ್ನೆ. ಟೈರು ಮಾತ್ರ ತುಸು ತಗ್ಗಿದ ಹಾಗಿತ್ತು, ಅಷ್ಟೇ. ಪಕ್ಕೆಗೆ ಕೈ ಇಟ್ಟರೆ ಉಳಿದ ಮೂರಕ್ಕಿಂತ ಸ್ಪಷ್ಟವಾಗಿ ಬಿಸಿ.

ರನ್‌ಫ್ಲಾಟಿನ ಗುಣವೂ ಅಪಾಯವೂ ಇಲ್ಲಿಯೇ ಇವೆ. ಅದರ ಪಕ್ಕೆಯೊಳಗೆ ದಪ್ಪ, ಗಟ್ಟಿ ರಬ್ಬರಿನ ಪದರವಿರುತ್ತದೆ. ಗಾಳಿ ಹೋದಾಗ ಕಾರಿನ ಭಾರವನ್ನು ಆ ಪದರವೇ ಹೊರುತ್ತದೆ. ಹೊತ್ತುಕೊಂಡೇ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುವುದರಿಂದ ಒಳಗೆ ಶಾಖ ಹುಟ್ಟುತ್ತದೆ. ವೇಗ ಹೆಚ್ಚಿದಷ್ಟೂ, ಭಾರ ಹೆಚ್ಚಿದಷ್ಟೂ ಶಾಖ ಹೆಚ್ಚು, ಕೊನೆಗೆ ಟೈರನ್ನು ಕೊಲ್ಲುವುದು ಆ ಶಾಖವೇ. ಚಾಲಕನಿಗೆ ಇದಾವುದೂ ಸ್ಟಿಯರಿಂಗಿನಲ್ಲಿ ತಿಳಿಯುವುದಿಲ್ಲ. ಆದ್ದರಿಂದಲೇ ಗಾಳಿಯ ಎಚ್ಚರಿಕೆ ಇಲ್ಲದ ಕಾರಿಗೆ ರನ್‌ಫ್ಲಾಟ್ ಹಾಕಬಾರದು ಎನ್ನುತ್ತಾರೆ ಟೈರು ತಯಾರಕರು.

ಎಲ್ಲರ ಬಾಯಲ್ಲೂ ಇರುವ ಲೆಕ್ಕ “ಗಂಟೆಗೆ 80 ಕಿ.ಮೀ. ವೇಗದಲ್ಲಿ 80 ಕಿ.ಮೀ. ದೂರ”. ಈ ಅಂಕಿಯ ಮೂಲ ತಿಳಿದರೆ ಅದನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ. ವಿಶ್ವಸಂಸ್ಥೆಯ 30ನೇ ಟೈರು ನಿಯಮದ ಪರೀಕ್ಷೆಯಲ್ಲಿ ಗಾಳಿ ತೆಗೆದ ಟೈರನ್ನು ಅದರ ಗರಿಷ್ಠ ಭಾರದ 65 ಶೇಕಡಾದಷ್ಟು ಒತ್ತಡದಲ್ಲಿ ಉರುಳೆಯ ಮೇಲೆ ಗಂಟೆಗೆ 80 ಕಿ.ಮೀ.ಯಂತೆ ಒಂದು ತಾಸು ಓಡಿಸುತ್ತಾರೆ. ಉರುಳೆಯಲ್ಲಿ ತಿರುವಿಲ್ಲ, ಹೊಂಡವಿಲ್ಲ, ಬ್ರೇಕೂ ಇಲ್ಲ. ಕಾರು ತಯಾರಕರು ಇದೇ ಅಂಕಿಯನ್ನು ಭಾರ ನೋಡಿ ತಿದ್ದುತ್ತಾರೆ. ಮರ್ಸಿಡಿಸ್ ಕೈಪಿಡಿಗಳಲ್ಲಿ ಅರೆಭಾರಕ್ಕೆ 80 ಕಿ.ಮೀ., ಪೂರ್ತಿ ಭಾರಕ್ಕೆ 30 ಕಿ.ಮೀ. ಎಂದಿದೆ. ಭಾವನ ಕಾರಿನ ಕೈಪಿಡಿ ಪೂರ್ತಿ ಭಾರಕ್ಕೆ ಸುಮಾರು 50 ಕಿ.ಮೀ. ಕೊಡುತ್ತದೆ.

ಕತಗಾಲದಿಂದ ಶಿರಸಿಗೆ ಇನ್ನು ಸುಮಾರು 45 ಕಿ.ಮೀ. ಇತ್ತು. “50ರೊಳಗೆ ಮುಗಿಯುತ್ತದಲ್ಲ” ಎಂದರು ಭಾವ. ನಾನು ಒಪ್ಪಲಿಲ್ಲ. ಗಾಳಿ ಹೋದದ್ದು ದೀಪ ಹೊತ್ತಿದ ಕ್ಷಣದಲ್ಲಿ ಅಲ್ಲ. ಆ ಕಾರಿನ ಗಾಲಿಯೊಳಗೆ ಗಾಳಿ ಅಳೆಯುವ ಸೆನ್ಸರೇ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಕೊಂಚ ಕುಗ್ಗಿ ಅದು ಉಳಿದವಕ್ಕಿಂತ ಬೇಗ ತಿರುಗುತ್ತದೆ. ಎಬಿಎಸ್ ಬ್ರೇಕಿನ ಸೆನ್ಸರುಗಳು ಈ ವ್ಯತ್ಯಾಸವನ್ನು ಹಿಡಿದು ದೀಪ ಹೊತ್ತಿಸುತ್ತವೆ. ತಿರುವಿನಲ್ಲಿ ನಾಲ್ಕೂ ಗಾಲಿಗಳು ಹೇಗೂ ಬೇರೆ ಬೇರೆ ವೇಗದಲ್ಲಿ ತಿರುಗುವುದರಿಂದ ಅಂಕುಡೊಂಕಿನ ರಸ್ತೆಯಲ್ಲಿ ಪತ್ತೆ ತಡವಾಗುತ್ತದೆ. ಗಾಳಿ ತುಂಬಿಸಿದ ಮೇಲೆ ಹೊಸ ಅಳತೆಯನ್ನು ಕಲಿಸಲು ರೀಸೆಟ್ ಮಾಡದಿದ್ದರೆ ಇನ್ನೂ ತಡ. ನಾವು ಹಿಂದಿನ ವಾರ ಅಂಕೋಲೆಯಲ್ಲಿ ಗಾಳಿ ತುಂಬಿಸಿ ರೀಸೆಟ್ ಮರೆತಿದ್ದೆವು. ಹತ್ತು ಕಿ.ಮೀ. ಆಗಲೇ ಕಳೆದಿದೆ ಎಂದು ಹಿಡಿದರೂ ಉಳಿದದ್ದು 40, ಅದೂ ಸಮತಟ್ಟು ರಸ್ತೆಯ ಲೆಕ್ಕದಲ್ಲಿ. ಘಟ್ಟದ ತಿರುವುಗಳಲ್ಲಿ ಭಾರವೆಲ್ಲ ಹೊರಬದಿಯ ಪಕ್ಕೆಗೆ ಬೀಳುತ್ತದೆ. ನಡುವೆ ಟೈರು ಹರಿದರೆ ಸ್ಟೆಪ್ನಿ ಇಲ್ಲ, ಕಾಡಿನಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ.

ಅಪ್ಪ, ಆಯಿಯನ್ನು ಶಿರಸಿ ಬಸ್ ಹತ್ತಿಸಿ, ಭಾರದ ಚೀಲಗಳನ್ನು ಪರಿಚಯದವರ ಅಂಗಡಿಯಲ್ಲಿಟ್ಟು, ಕುಮಟೆಗೆ ಹಿಂದಿರುಗಿದೆವು. ದೂರ ಸುಮಾರು 15 ಕಿ.ಮೀ., ವೇಗ 40ರ ಆಸುಪಾಸು. ಅಂಗಡಿಯಲ್ಲಿ ಟೈರು ಬಿಚ್ಚುವುದೇ ದೊಡ್ಡ ಕೆಲಸವಾಯಿತು, ಅದರ ಗಟ್ಟಿ ಪಕ್ಕೆ ರಿಮ್ ಬಿಡಲೊಲ್ಲದು. ಬಿಚ್ಚಿದ ಮೇಲೆ ಒಳಗೆ ಹಿಡಿಯಷ್ಟು ಕಪ್ಪು ರಬ್ಬರ್ ಪುಡಿ, ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಸುಕ್ಕಿನ ಗೆರೆ. ತೂತು ಮೊಳೆಯದೇ, ಚಿಕ್ಕದೇ. ಆದರೆ ಈ ಪುಡಿ ಕಂಡ ಟೈರಿಗೆ ಪ್ಯಾಚ್ ಹಾಕಬಾರದು, ಹೊರಗೆ ಚೆನ್ನಾಗಿ ಕಂಡರೂ ಅದರ ಪಕ್ಕೆ ಒಳಗಿನಿಂದ ಸತ್ತಿದೆ ಎಂದರ್ಥ. ಆ ಅಳತೆಯ ರನ್‌ಫ್ಲಾಟ್ ಕರಾವಳಿಯಲ್ಲಿ ನಮಗೆ ಸಿಗಲಿಲ್ಲ. ಹುಬ್ಬಳ್ಳಿಯಿಂದ ತರಿಸಲು ಎರಡು ದಿನ ಹಿಡಿಯಿತು.

ಇನ್ನು ನನ್ನ ಸಣ್ಣ ಕಾರು. ಅಂಕೋಲೆ ಬಿಟ್ಟು ಸ್ವಲ್ಪ ದೂರ ಬಂದಿದ್ದೆ. 33 ಇರಬೇಕಾದ ಗಾಳಿ 26 ಪಿಎಸ್‌ಐಗೆ ಇಳಿದಾಗ ಸೆನ್ಸರು ಕೂಗಿತು. ಇಲ್ಲಿ ಊಹೆಗೆ ಎಡೆಯಿಲ್ಲ, ಯಾವ ಗಾಲಿ, ಎಷ್ಟು ಗಾಳಿ ಎಂಬುದು ಪರದೆಯ ಮೇಲೆಯೇ ಇತ್ತು. ನಿಲ್ಲಿಸಿ ನೋಡಿದರೆ ನೆಲಕ್ಕೆ ತಾಗುವ ಭಾಗದಲ್ಲಿ ಸ್ಕ್ರೂ. ಕಿತ್ತು, ತೂತನ್ನು ಉಜ್ಜಿ, ಅಂಟು ಪಟ್ಟಿ ತೂರಿಸಿ, ಪಂಪಿನಿಂದ ಗಾಳಿ ತುಂಬಿಸಿದೆ. ಅರ್ಧ ತಾಸಿನಲ್ಲಿ ಹೊರಟು ಶಿರಸಿ ಮುಟ್ಟಿದೆ. ಟೈರು ಗಾಳಿಯಿಲ್ಲದೆ ಒಂದು ಮೀಟರೂ ಓಡಿರಲಿಲ್ಲ, ಆದ್ದರಿಂದ ಒಳಗೆ ಹಾನಿಯಿಲ್ಲ. ಮರುದಿನ ಒಳಗಿನಿಂದ ಪ್ಯಾಚ್ ಹಾಕಿಸಿದೆ, ಈಗಲೂ ಅದೇ ಓಡುತ್ತಿದೆ.

ಆದರೆ ಇದೇ ಕಾರು ಇನ್ನೊಮ್ಮೆ ನೀರು ತುಂಬಿದ ಹೊಂಡದಲ್ಲಿ ಚೂಪು ಕಲ್ಲಿಗೆ ಪಕ್ಕೆ ಕೊಯ್ಸಿಕೊಂಡಿತು. ಸೆನ್ಸರು ಕೂಗುವಷ್ಟರಲ್ಲಿ ಗಾಳಿಯೇ ಇರಲಿಲ್ಲ. ಪಟ್ಟಿ ತೂರಿಸುವ ಜಾಗವಲ್ಲ ಅದು. ಸಾಮಾನ್ಯ ಟೈರು ಸೊನ್ನೆ ಗಾಳಿಯಲ್ಲಿ ಹೋಗಬಹುದಾದ ದೂರವೆಂದರೆ ರಸ್ತೆಯಿಂದ ಬದಿಗೆ ಸರಿಯುವಷ್ಟು ಮಾತ್ರ. ಅದಕ್ಕೂ ಮುಂದೆ ಹೋದರೆ ರಿಮ್ಮೇ ಪಕ್ಕೆಯನ್ನು ಕತ್ತರಿಸುತ್ತದೆ. ಮಳೆಯಲ್ಲಿ ಜ್ಯಾಕ್ ಏರಿಸಿ ಸ್ಟೆಪ್ನಿ ಹಾಕಿದೆ. ಅದು ಸಣ್ಣ ಅಗಲದ ತಾತ್ಕಾಲಿಕ ಗಾಲಿಯಾದ್ದರಿಂದ ಅದಕ್ಕೂ ಗಂಟೆಗೆ 80 ಕಿ.ಮೀ. ಮಿತಿಯೇ. ಆ ರಾತ್ರಿ ಆ ಕೆಲಸ ಮಾಡುವಾಗ ಎದುರಿನಿಂದ ಬರುತ್ತಿದ್ದ ಲಾರಿಗಳನ್ನು ನೆನೆದರೆ, ಗಾಳಿ ಹೋದ ಹೊತ್ತಿಗೂ ನಿಲ್ಲದೆ ಸುರಕ್ಷಿತ ಜಾಗ ತಲುಪಿಸಬಲ್ಲ ರನ್‌ಫ್ಲಾಟಿನ ಬೆಲೆ ನನಗೆ ಅರ್ಥವಾಗುತ್ತದೆ. ಹೆದ್ದಾರಿ 66ರಲ್ಲೇ ಓಡಾಡುವವರಿಗೆ, ಕತ್ತಲಲ್ಲಿ ಒಬ್ಬರೇ ಕಾರು ಓಡಿಸುವವರಿಗೆ, ಜ್ಯಾಕ್ ಏರಿಸಲಾಗದ ಹಿರಿಯರಿಗೆ ನಾನು ಅದನ್ನೇ ಹೇಳುತ್ತೇನೆ.

ಘಟ್ಟ ಹತ್ತಿ ಇಳಿಯುವ ನಮ್ಮ ಮನೆಗೆ ಮಾತ್ರ ನನ್ನ ಮತ ಟ್ಯೂಬ್‌ಲೆಸ್, ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರು ಮತ್ತು ಸ್ಟೆಪ್ನಿಗೆ. ಒಂದು ತೊಡಕಿದೆ: ಕಾರವಾರದ ಉಪ್ಪು ಗಾಳಿಗೆ ವಾಲ್ವ್ ಮೇಲಿನ ಸೆನ್ಸರು ಕಚ್ಚಿಕೊಳ್ಳುತ್ತದೆ. ಒಮ್ಮೆ ಇಕ್ಕಳದಿಂದ ತಿರುವಲು ಹೋಗಿ ವಾಲ್ವನ್ನೇ ಮುರಿದೆ. ಈಗ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ ಕೂರಿಸುತ್ತೇನೆ. ಭಾವ ರನ್‌ಫ್ಲಾಟನ್ನು ಬಿಟ್ಟಿಲ್ಲ. ಆದರೆ ಗಾಳಿ ತುಂಬಿಸಿದ ದಿನವೇ ರೀಸೆಟ್ ಒತ್ತುತ್ತಾರೆ, ಘಟ್ಟದ ಮೊದಲು ದಿವಗಿ ತಿರುವಿನಲ್ಲಿ ಇಳಿದು ನಾಲ್ಕೂ ಗಾಲಿಗೆ ಗೇಜ್ ಹಚ್ಚುತ್ತಾರೆ.