ದಪ್ಪ ಮಣಿಕಟ್ಟು, ನಾಲ್ಕು ವಾಚು

ತೀರ್ಥಹಳ್ಳಿಯ ಒಂದು ಮದುವೆಗೆ ಅಪ್ಪನ ಎಚ್‌ಎಂಟಿ ಜನತಾ ಕಟ್ಟಿಕೊಂಡು ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಅಕ್ಕನ ಮಗ ನನ್ನ ಕೈ ನೋಡಿ, "ಮಾವ, ಅಂಗಿ ಗುಂಡಿ ಕಿತ್ತು ಕೈಗೆ ಹೊಲಿಸಿಕೊಂಡ ಹಾಗಿದೆ" ಅಂದ. ಬಡಿಸುವವರೂ ನಕ್ಕರು. ಅಪ್ಪನದು ಸಣ್ಣ ಕೈ. ನನ್ನದು ಅಜ್ಜನ ಕೈ. ತೋಟದಲ್ಲಿ ಗುದ್ದಲಿ ಹಿಡಿದವರ ಮಣಿಕಟ್ಟು ಆಫೀಸಿನಲ್ಲಿ ಕೂತರೂ ಇಳಿಯುವುದಿಲ್ಲ.

ಸಿಟ್ಟಿಗೆ ಬಿದ್ದು ಆವತ್ತೇ ರಾತ್ರಿ ಫೋನಿನಲ್ಲಿ ಒಂದು ದೊಡ್ಡ ವಾಚು ಆರ್ಡರ್ ಮಾಡಿದೆ. 50 ಮಿ.ಮೀ. ಅಗಲದ್ದು. ಕಂಪನಿ ಹೆಸರು ಬೇಡ. ಬಂದಾಗ ನೋಡಿದರೆ ಕೈ ಮೇಲೆ ಲೋಟದ ಮುಚ್ಚಳ ಇಟ್ಟ ಹಾಗೆ. ಎರಡೂ ಕಡೆ ಬೆಲ್ಟು ಸಿಕ್ಕಿಸುವ ವಾಚಿನ ಕೊಂಬುಗಳು ಕೈಯಿಂದ ಆಚೆ ಎದ್ದು ನಿಂತಿದ್ದವು. ಕೆಳಗೆ ಬೆರಳು ತೂರಿಸುವಷ್ಟು ಸಂದು. ಅಂಗಿಯ ತೋಳು ಅದರ ಮೇಲೆ ಇಳಿಯಲೇ ಇಲ್ಲ. ದಪ್ಪ ಕೈಗೆ ದೊಡ್ಡ ವಾಚು ಅನ್ನುವ ಲೆಕ್ಕ ಯಾಕೆ ಕೈಕೊಟ್ಟಿತು ಅಂತ ತಿಳಿದದ್ದು ಶಿವಮೊಗ್ಗದ ಗಾಂಧಿ ಬಜಾರಿನ ಒಬ್ಬ ವಾಚ್ ರಿಪೇರಿಯವರ ಹತ್ತಿರ ಹೋದ ಮೇಲೆ.

ಅವರು ವಾಚು ಮುಟ್ಟಲೇ ಇಲ್ಲ. ಮೊದಲು ನನ್ನ ಕೈ ಅಳೆದರು. ಟೇಪಿನಲ್ಲಿ ಸುತ್ತಳತೆ 205 ಮಿ.ಮೀ. ಆಮೇಲೆ ಕೈಯನ್ನು ಮೇಜಿನ ಮೇಲೆ ಚಪ್ಪಟೆ ಇಡಿಸಿ, ಎರಡೂ ಪಕ್ಕಕ್ಕೆ ಒಂದೊಂದು ಬೆಂಕಿಪೊಟ್ಟಣ ಒತ್ತಿ ನಿಲ್ಲಿಸಿ, ನಡುವಿನ ದೂರಕ್ಕೆ ಸ್ಕೇಲು ಹಿಡಿದರು. ಅಗಲ 70. "ನಿಮ್ದು ದಪ್ಪ ಕೈ ಹೌದು ಮಾರಾಯ್ರೆ, ಆದ್ರೆ ಅಗಲ ಕೈ ಅಲ್ಲ. ಬಿದಿರಿನ ಥರ ಗುಂಡಗಿದೆ" ಅಂದರು.

ನನ್ನ ಜೊತೆ ಬಂದಿದ್ದ ಭಾವನ ಕೈಯನ್ನೂ ಅಳೆದೆವು. ಸುತ್ತಳತೆ 195, ನನಗಿಂತ 10 ಕಡಿಮೆ. ಅಗಲ ಮಾತ್ರ ಅದೇ 70! ಅವರ ಕೈ ಮಣೆಯ ಹಾಗೆ ಚಪ್ಪಟೆ. ವಾಚು ಕೂರುವುದು ಕೈಯ ಮೇಲ್ಭಾಗದ ಚಪ್ಪಟೆ ಜಾಗದಲ್ಲಿ ತಾನೆ? ಗುಂಡಗಿನ ಕೈಯಲ್ಲಿ ಆ ಜಾಗ ಬೇಗ ಮುಗಿದು ಇಳಿಜಾರು ಶುರುವಾಗುತ್ತದೆ. ನನ್ನ ಕೈ ಮೇಲೆ ಸ್ಕೇಲು ಅಡ್ಡ ಇಟ್ಟು ನೋಡಿದಾಗ ಹೆಚ್ಚೆಂದರೆ 52ರವರೆಗೆ ಆಸರೆ ಇತ್ತು. ನಾನು ತರಿಸಿದ್ದ ವಾಚಿನ ಕೊಂಬಿನ ತುದಿಯಿಂದ ಆಚೆ ಕೊಂಬಿನ ತುದಿಗೆ 58. ಅದು ಭಾವನ ಕೈಯಲ್ಲಿ ಪರವಾಗಿಲ್ಲ ಅನ್ನುವ ಹಾಗೆ ಕೂತಿತು. ಅವರಿಗೇ ಕೊಟ್ಟುಬಿಟ್ಟೆ.

ಹಾಗಾಗಿ ನಾನು ಮುಂದೆ ನೋಡಿದ್ದು ವಾಚಿನ ಅಗಲ ಅಲ್ಲ, ಈ ಕೊಂಬಿನಿಂದ ಕೊಂಬಿಗೆ ಇರುವ ಉದ್ದ. ಅಂಗಡಿಯಲ್ಲಿ ಲಗ್ ಟು ಲಗ್ ಅಂತ ಕೇಳಬೇಕು. ಎಷ್ಟೋ ಕಡೆ ಡಬ್ಬಿ ಮೇಲೆ ಬರೆದಿರುವುದಿಲ್ಲ, ಸ್ಕೇಲು ಜೇಬಲ್ಲಿರಲಿ. ನನ್ನ ಕೈಗೆ 46ರಿಂದ 50 ಅಂತ ಗೆರೆ ಹಾಕಿಕೊಂಡೆ.

ಮೊದಲು ಸಿಕ್ಕಿದ್ದು ಕ್ಯಾಸಿಯೊ ಡ್ಯೂರೊ, ಎಂಡಿವಿ-107. ಅಗಲ 44 ಮಿ.ಮೀ., ಉದ್ದ 48.5, ದಪ್ಪ 12ರ ಹತ್ತಿರ. ಬೆಲ್ಟಿನ ಅಗಲ 22. ಕಟ್ಟಿದ ಕೂಡಲೇ ಸರಿ ಅನ್ನಿಸಿತು. ಚಿಕ್ಕದಾಗಿಯೂ ಕಾಣಲಿಲ್ಲ, ಆಚೆಗೂ ಚಾಚಲಿಲ್ಲ. ಬೆಲ್ಟು ಕೂಡ ಸಲೀಸಾಗಿ ಸುತ್ತಿತು, ಇನ್ನೂ ಎರಡು ತೂತು ಉಳಿದವು. 200 ಮೀಟರ್ ನೀರು ತಡೆಯುವ ವಾಚು, ಬ್ಯಾಟರಿಯದ್ದು. ಆಷಾಢದ ಮಳೆಯಲ್ಲಿ ಬೈಕ್ ಓಡಿಸುವವರಿಗೆ ಇದಕ್ಕಿಂತ ನಿಶ್ಚಿಂತೆ ಬೇಡ. ಒಂದೇ ತೊಂದರೆ, ಅದೂ ನನ್ನ ಕೈಯದ್ದೇ. ಸಮಯ ತಿದ್ದುವ ಗುಂಡಿ 3 ಗಂಟೆಯ ಜಾಗದಲ್ಲಿದೆ. ಮಾಂಸ ಜಾಸ್ತಿ ಇರುವ ಕೈಯನ್ನು ಹಿಂದಕ್ಕೆ ಮಡಚಿದಾಗ ಅದು ಹಸ್ತದ ಹಿಂಭಾಗಕ್ಕೆ ಒತ್ತುತ್ತದೆ. ಬೈಕಿನ ಹ್ಯಾಂಡಲ್ ಹಿಡಿದು ಆಗುಂಬೆ ಘಾಟಿ ಹತ್ತಿ ಬರುವಷ್ಟರಲ್ಲಿ ಚರ್ಮದ ಮೇಲೆ ಗುಂಡಿಯ ಹಲ್ಲಿನ ಅಚ್ಚು ಮೂಡಿತ್ತು. ವಾಚನ್ನು ಮೂಳೆಯಿಂದ ಒಂದು ಬೆರಳು ಹಿಂದಕ್ಕೆ, ಮೊಣಕೈ ಕಡೆಗೆ ಸರಿಸಿ ಕಟ್ಟಿದ ಮೇಲೆ ನಿಂತಿತು.

ಎರಡನೆಯದು ಸೈಕೊ 5, ಎಸ್‌ಆರ್‌ಪಿಡಿ ಅನ್ನುವ ಸಾಲಿನದು. ಇದು ಭಾವನ ಮಗನದ್ದು, ಒಂದು ತಿಂಗಳು ಎರವಲು. ಅಗಲ 42.5, ಉದ್ದ 46. ಗುಂಡಿ 4 ಗಂಟೆಯ ಹತ್ತಿರ ಇರುವುದರಿಂದ ಕೈಗೆ ಚುಚ್ಚುವ ಮಾತೇ ಇಲ್ಲ. ಕೈ ಅಲ್ಲಾಡಿದರೆ ತಾನೇ ಕೀ ತುಂಬಿಕೊಳ್ಳುವ ಜಾತಿ. ಕೂರುವುದರಲ್ಲಿ ನಾಲ್ಕರಲ್ಲಿ ಇದೇ ಮುಂದು. ಆದರೆ ದೂರದಿಂದ ನೋಡಿದರೆ ಅಗಲ ಹೇಳುವುದಕ್ಕಿಂತ ಚಿಕ್ಕದು ಕಾಣುತ್ತದೆ. ಯಾಕೆ ಅಂತ ತಲೆ ಕೆಡಿಸಿಕೊಂಡು ಸ್ಕೇಲು ಹಿಡಿದೆ. ಕಾರಣ ಸುತ್ತಲಿನ ತಿರುಗುವ ಕಪ್ಪು ಬಳೆ. 42.5ರಲ್ಲಿ ಬಳೆ, ಒಳಗಿನ ಅಂಚು ಎಲ್ಲ ಹೋಗಿ ಡಯಲ್‌ಗೆ ಉಳಿಯುವುದು 28.5 ಮಾತ್ರ. ಅಪ್ಪನ ಜನತಾ ಒಟ್ಟು 35 ಮಿ.ಮೀ. ವಾಚು, ಆದರೆ ಅಂಚು ತೆಳು, ಹಾಗಾಗಿ ಅದರ ಡಯಲ್ ಇದಕ್ಕಿಂತ ಚಿಕ್ಕದೇನಲ್ಲ! ಕಣ್ಣು ಮೊದಲು ಹಿಡಿಯುವುದು ಡಯಲನ್ನು. ಬಳೆ ಕಪ್ಪು, ಡಯಲ್ ಬಿಳಿ ಆಗಿದ್ದರೆ ವಾಚು ಡಯಲಿನಷ್ಟೇ ಕಾಣುತ್ತದೆ. ಎರಡೂ ಒಂದೇ ಬಣ್ಣ ಆಗಿದ್ದರೆ ಸೇರಿಕೊಂಡು ಅಗಲ ಅನ್ನಿಸುತ್ತದೆ. ದಪ್ಪ ಕೈಯವರು ಇದೊಂದನ್ನು ನೋಡಿಕೊಂಡರೆ ಎರಡು ಮಿ.ಮೀ. ಪುಕ್ಕಟೆ ಸಿಕ್ಕಿದ ಹಾಗೆ.

ಈ ವಾಚಿಗೆ ಹುಡುಗ ಚರ್ಮದ ಬೆಲ್ಟು ಹಾಕಿಸಿದ್ದ. ಅದು ನನಗೆ ಮುಟ್ಟಲಿಲ್ಲ. ಸಾಮಾನ್ಯ ಬೆಲ್ಟಿನ ಬಕಲ್ ಕಡೆಯ ತುಂಡು 75 ಮಿ.ಮೀ., ತೂತಿನ ತುಂಡು 115. ಕೊನೆಯ ತೂತು ತುದಿಯಿಂದ 25 ಒಳಗಿರುತ್ತದೆ, ಅಂದರೆ ಸಿಗುವುದು 90. ವಾಚಿನ ಪಿನ್ನಿನಿಂದ ಪಿನ್ನಿಗೆ 40 ಸೇರಿಸಿ. ಒಟ್ಟು 205. ನನ್ನ ಸುತ್ತಳತೆಯೂ 205. ಲೆಕ್ಕದಲ್ಲಿ ಪಾಸು, ಕೈಯಲ್ಲಿ ಫೇಲು. ಬೆಲ್ಟಿನ ದಪ್ಪಕ್ಕೆ, ಸ್ವಲ್ಪ ಸಡಿಲಕ್ಕೆ ಇನ್ನೂ 10 ಆದರೂ ಬೇಕು. ಮಧ್ಯಾಹ್ನ ಸೆಕೆಗೆ ಕೈ ಬೇರೆ ಊದುತ್ತದೆ. 85 ಮತ್ತು 135ರ ಉದ್ದದ ಬೆಲ್ಟು ತರಿಸಿದ ಮೇಲೆ ನಡುವಿನ ತೂತಿಗೆ ಬಂತು. ಕೊನೆಯ ತೂತಿನಲ್ಲಿ ಕಟ್ಟಿದ ವಾಚು ಎಷ್ಟೇ ದೊಡ್ಡದಿದ್ದರೂ ಎರವಲು ತಂದ ಹಾಗೆ ಕಾಣುತ್ತದೆ, ತುದಿ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಮೂರನೆಯದು ಕ್ಯಾಸಿಯೊದ್ದೇ ಜಿ-ಶಾಕ್, ಜಿಎ-2100, ಎಂಟು ಮೂಲೆಯದು. 45.4 ಅಗಲ, 48.5 ಉದ್ದ, ದಪ್ಪ 11.8, ತೂಕ 51 ಗ್ರಾಂ. ಡ್ಯೂರೊ 90 ದಾಟುತ್ತದೆ, ಇದು ಕೈಯಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇದರ ಬೆಲ್ಟು ಬುಡದಲ್ಲಿ ಸ್ವಲ್ಪ ದೂರ ಬಗ್ಗದೆ ನೇರಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಸಣ್ಣ ಕೈಯವರಿಗೆ ಅಲ್ಲಿ ಸಂದು ಬೀಳುತ್ತದೆ. ನಮ್ಮಂಥವರಿಗೆ ಅದೇ ಅನುಕೂಲ, ವಾಚು ಕೈ ತುಂಬ ಹರಡಿಕೊಂಡ ಹಾಗೆ ಕಾಣುತ್ತದೆ. ಬೆಲ್ಟು ವಾಚಿನ ಅಗಲದಿಂದಲೇ ಶುರುವಾಗುವುದೂ ಒಂದು ಕಾರಣ. ಅಡಿಕೆ ಕೊಯ್ಲಿನ ದಿನ, ಗೊನೆ ಹೊತ್ತು, ಚೊಗರಿನ ಕೈಯಲ್ಲಿ ಇದನ್ನೇ ಕಟ್ಟಿದ್ದೆ. ಸಂಜೆ ನಲ್ಲಿ ಕೆಳಗೆ ಹಿಡಿದರೆ ಮುಗಿಯಿತು. ಪಂಚೆ ಶಲ್ಯಕ್ಕೆ ಮಾತ್ರ ಒಪ್ಪುವುದಿಲ್ಲ. ಮನೆಯವಳು "ಸುಮ್ನೆ ತೆಗೆದಿಡಿ" ಅಂದಳು, ತೆಗೆದಿಟ್ಟೆ.

ಒಂದು ಎಚ್ಚರ. ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದಾಯಿತು, ಚಿಕ್ಕದಾಯಿತು ಅನ್ನಬೇಡಿ. ಕ್ಯಾಮೆರಾಕ್ಕೆ ಹತ್ತಿರ ಇರುವುದು ವಾಚು, ಹಿಂದೆ ಇರುವುದು ಕೈ. ಹತ್ತಿರದ್ದು ಉಬ್ಬಿ ಕಾಣುತ್ತದೆ. ಗೋಡೆಯ ಕನ್ನಡಿಯಿಂದ ಎರಡು ಮೀಟರ್ ದೂರ ನಿಂತು, ಕೈ ಇಳಿಬಿಟ್ಟು ನೋಡಿ. ಬೇರೆಯವರ ಕಣ್ಣಿಗೆ ಬೀಳುವುದು ಅದೇ.

ಇನ್ನು ಜನತಾ. ಬಿಡಲು ಮನಸ್ಸಿರಲಿಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ ಕಾಲಕ್ಕೆ 35 ಮಿ.ಮೀ. ಗಂಡಸರ ವಾಚಿನ ಸಾಮಾನ್ಯ ಅಳತೆ. ತಪ್ಪು ಅದರದ್ದಲ್ಲ. ಅದಕ್ಕೆ ಹೊಂದುವ ಬೆಲ್ಟು 18 ಮಿ.ಮೀ. ನನ್ನ ಕೈ ಮೇಲೆ ಸಣಬಿನ ದಾರ ಸುತ್ತಿದ ಹಾಗೆ ಕಾಣುತ್ತಿದ್ದದ್ದು ವಾಚಿಗಿಂತ ಆ ಬೆಲ್ಟೇ. ರಿಪೇರಿಯವರು ಒಂದು ಉಪಾಯ ಹೇಳಿದರು. ವಾಚಿನ ಅಡಿಗೆ ಅಗಲದ ಚರ್ಮದ ಪಟ್ಟಿ ಇಟ್ಟು, ತೆಳು ಬೆಲ್ಟನ್ನು ಅದರ ಮೇಲೆ ಹಾಯಿಸುವುದು. ಬುಂಡ್ ಬೆಲ್ಟು ಅಂತ ಹೆಸರು. ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಮಾಡಿಸಿದೆ. ವಾಚಿನ ಅಡಿಯಲ್ಲಿ 38 ಅಗಲ, ಎರಡೂ ಕಡೆ ಇಳಿಯುತ್ತಾ 26, ದಪ್ಪ ಎರಡು ಮಿ.ಮೀ. ಮೊದಲು 45 ಅಗಲ ಕತ್ತರಿಸಿದ್ದರು, ಅದು ಕುಸ್ತಿ ಪೈಲ್ವಾನರ ಪಟ್ಟಿ ಆಗಿಬಿಟ್ಟಿತ್ತು. ವಾಚಿಗಿಂತ ಅಂಚು ಎರಡೂ ಕಡೆ ಒಂದೂವರೆ ಮಿ.ಮೀ. ಮಾತ್ರ ಕಾಣುವ ಹಾಗೆ ಕೆತ್ತಿದ ಮೇಲೆ ಕಣ್ಣು ಎರಡನ್ನೂ ಒಂದೇ ಅಂತ ತೆಗೆದುಕೊಂಡಿತು. 35ರ ವಾಚು ಕೈ ಮೇಲೆ ನಿಂತಿತು.

ಚರ್ಮಕ್ಕೆ ನಮ್ಮ ಕಡೆ ಮಳೆಗಾಲ ಆಗಿಬರುವುದಿಲ್ಲ. ಜೂನ್ ಕೊನೆಯಲ್ಲಿ ಕಪಾಟಿನಲ್ಲಿ ಇಟ್ಟದ್ದು ಹದಿನೈದು ದಿನಕ್ಕೆ ತೆಗೆದರೆ ಪಟ್ಟಿ ಮೇಲೆ ಬಿಳಿ ಬೂಸ್ಟು. ವಾಚಿನ ಬೆನ್ನಿಗೆ ಪಟ್ಟಿ ಅಂಟಿಕೊಂಡಿದ್ದ ಕಡೆ ಬೆವರಿನ ಹಸಿರು ಕಲೆಯೂ ಇತ್ತು. ಈಗ ಎರಡನ್ನೂ ಬಿಡಿಸಿ, ಪಟ್ಟಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿ, ಜನತಾವನ್ನು ಅಕ್ಕಿ ಡಬ್ಬದ ಪಕ್ಕದ ಬೆಚ್ಚಗಿನ ಗೂಡಿನಲ್ಲಿ ಇಡುತ್ತೇನೆ. ದೀಪಾವಳಿ ಕಳೆಯುವ ತನಕ ಕೈಯಲ್ಲಿ ಡ್ಯೂರೊ. ಸೈಕೊ ವಾಪಸ್ ಕೊಡುವಾಗ ನಿಜವಾಗಿ ಬೇಜಾರಾಯಿತು. ಬಳೆಯೂ ಡಯಲೂ ಎರಡೂ ಕಪ್ಪಿರುವುದು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳುವುದು ಅಂತ ಮಾಡಿದ್ದೇನೆ. ಅಕ್ಕನ ಮಗನಿಗೆ ಬುಂಡ್ ಪಟ್ಟಿ ಇನ್ನೂ ತೋರಿಸಿಲ್ಲ, ಮುಂದಿನ ಮದುವೆ ಮಾರ್ಗಶಿರದಲ್ಲಿ.